ಅಪ್‌ಡೇಟ್: ಬ್ಯಾಂಕಿನ ಹಿಂದಿ ಮೆನು ದಾಟಿದ್ದು ಹೀಗೆ

ನನ್ನ ಪ್ರಶ್ನೆ: “ಬ್ಯಾಂಕಿಗೆ ಕರೆ ಮಾಡಿದರೆ ಹಿಂದಿಯಲ್ಲೇ ಮೆನು ಶುರುವಾಗುತ್ತದೆ. ಕನ್ನಡ ಮಾತನಾಡುವವರನ್ನು ತಲುಪಲು ಅಮ್ಮ ಏನು ಒತ್ತಬೇಕು?”

ಮೊನ್ನೆ ಮಲ್ಲೇಶ್ವರದ ಮನೆಯಿಂದ ಅಮ್ಮ ತಾವೇ ಕರೆ ಮಾಡಿ ಮಾತನಾಡಿದರು. ಸೊನ್ನೆಯನ್ನು ಪದೇ ಪದೇ ಒತ್ತಬೇಕೆಂಬ ಸಲಹೆ ಫಲಿಸಲಿಲ್ಲ. ಮೂರನೆಯ ಸಲಕ್ಕೆ ಕರೆಯೇ ಕಡಿದುಹೋಯಿತು. ಏನೂ ಒತ್ತದೆ ಸುಮ್ಮನಿದ್ದಾಗಲೂ ಅದೇ ಗತಿ.

ಕೈಹಿಡಿದದ್ದು, ಆಯ್ಕೆಗಳನ್ನೂ ಸಂಖ್ಯೆಯ ಜೊತೆಗೇ ಫೋನಿನಲ್ಲಿ ಉಳಿಸಿಡುವ ಉಪಾಯ. ನಾನೊಮ್ಮೆ ಸ್ಪೀಕರ್ ಹಾಕಿ ಮೆನುವನ್ನು ಪೂರ್ತಿ ಕೇಳಿ, ಕನ್ನಡಕ್ಕೆ 4, ಖಾತೆಗೆ 2, ಪ್ರತಿನಿಧಿಗೆ 9 ಎಂದು ಬರೆದುಕೊಂಡು, ಬ್ಯಾಂಕಿನ ಸಂಖ್ಯೆಯ ಬೆನ್ನಿಗೇ ಇದನ್ನು ಸೇರಿಸಿದೆ:

```
,,,4,,2;9
```

ಒಂದು ಅಲ್ಪವಿರಾಮವೆಂದರೆ ಸುಮಾರು 2 ಸೆಕೆಂಡುಗಳ ಬಿಡುವು. ಮೊದಲು ಒಂದನ್ನೇ ಇಟ್ಟಿದ್ದೆ. ಸ್ವಾಗತದ ಮಾತು ಮುಗಿಯುವ ಮೊದಲೇ 4 ಹೋಗಿ ವ್ಯರ್ಥವಾಯಿತು, ಮೂರು ಇಟ್ಟ ಮೇಲೆ ಸರಿಹೋಯಿತು. ಅರ್ಧವಿರಾಮ ಬಂದಲ್ಲಿ ಫೋನು ನಿಂತು, ಮುಂದಿನ ಅಂಕಿಯನ್ನು ಕಳುಹಿಸಲೇ ಎಂದು ಕೇಳುತ್ತದೆ. ಈ ಬ್ಯಾಂಕು ಅಲ್ಲಿ ಒಮ್ಮೊಮ್ಮೆ ಜಾಹೀರಾತು ತೂರಿಸುವುದರಿಂದ ಅದು ಬೇಕೇ ಬೇಕಾಯಿತು.

ಕಾರ್ಡಿನ ಸಂಖ್ಯೆಯನ್ನಾಗಲಿ ಪಿನ್ನನ್ನಾಗಲಿ ಇದರಲ್ಲಿ ಸೇರಿಸಿಲ್ಲ. ಕೇಳಿದಾಗ ಅಮ್ಮನೇ ಒತ್ತುತ್ತಾರೆ. ಬ್ಯಾಂಕು ಮೆನುವಿನ ಕ್ರಮ ಬದಲಿಸಿದ ದಿನ ನಾನು ಮತ್ತೆ ಕಿವಿಗೊಟ್ಟು ಕೂರಬೇಕು.