ಟ್ರೇಲಿಂಗ್ ಸ್ಟಾಪ್‌ನಲ್ಲಿ ಎಷ್ಟು ಅಂತರ ಇಡಬೇಕು?

ಪ್ರಶ್ನೆ: ಸರ್, 100ಕ್ಕೆ ಕೊಂಡ ಶೇರು ಈಗ 112 ಆಗಿದೆ. ಮಾರಿದರೆ ಮುಂದಿನ ಏರಿಕೆ ಕೈತಪ್ಪುತ್ತೆ, ಇಟ್ಟುಕೊಂಡರೆ ಬಂದ ಲಾಭವೂ ಹೋದೀತು ಅಂತ ಭಯ. ಟ್ರೇಲಿಂಗ್ ಸ್ಟಾಪ್ ಹಾಕಲಾ? ಎಷ್ಟು ಅಂತರ?

ಟ್ರೇಡರ್: ಹಾಕಿ. ಬೆಲೆ ಏರಿದಂತೆ ಅದರ ಹಿಂದೆಯೇ ಏರಿ, ಬೆಲೆ ಇಳಿದು ತನ್ನನ್ನು ಮುಟ್ಟಿದರೆ ಶೇರು ಮಾರುವ ಆರ್ಡರ್ ಅದು. 12 ಪಾಯಿಂಟ್ ಅಂತರ ಇಟ್ಟರೆ ಸ್ಟಾಪ್ 100ರಲ್ಲಿ ಕೂರುತ್ತೆ, ಲಾಭ ಏನೂ ಉಳಿಯಲ್ಲ. 8 ಇಟ್ಟರೆ 104. ಬೆಲೆ 125ಕ್ಕೆ ಹೋದರೆ ಅದೂ 117ಕ್ಕೆ ಏರುತ್ತೆ. ಆಮೇಲೆ ಬೆಲೆ 119ಕ್ಕೆ ಇಳಿದರೂ ಸ್ಟಾಪ್ 117 ಬಿಟ್ಟು ಕದಲಲ್ಲ. ಅಲ್ಲಿಂದ 131 ತಲುಪಿದರೆ ಸ್ಟಾಪ್ 123. ಬೆಲೆ ತಿರುಗಿ 123 ಮುಟ್ಟಿದಾಗ ಮಾರಾಟ. 131 ಸಿಗಲಿಲ್ಲ ಅನ್ನಿಸುತ್ತೆ, ನಿಜ. ಆದರೆ ಆ 8 ಪಾಯಿಂಟ್ ಬಿಟ್ಟುಕೊಡಲು ಒಪ್ಪಿದ್ದಕ್ಕೇ 125ರಿಂದ 119ಕ್ಕೆ ಬಿದ್ದಾಗ ನೀವು ಹೊರಗೆ ಬೀಳಲಿಲ್ಲ.

ಸದಸ್ಯ 1: ಅಂದ್ರೆ 123 ಗ್ಯಾರಂಟಿ. ಇನ್ನು ನಿಶ್ಚಿಂತೆಯಿಂದ ಮಲಗಬಹುದು, ಅಲ್ವಾ?

ಟ್ರೇಡರ್: ಮಾರ್ಕೆಟ್ ತೆರೆದಿದ್ದು ಬೆಲೆ ಮೆಲ್ಲಗೆ ಇಳಿದರೆ 123ರ ಆಸುಪಾಸು ಸಿಗುತ್ತೆ. ನಿನ್ನೆ 126ರಲ್ಲಿ ಮುಗಿದು, ರಾತ್ರಿ ಕೆಟ್ಟ ಸುದ್ದಿ ಬಂದು, ಇವತ್ತು ಸೀದಾ 115ರಲ್ಲಿ ತೆರೆದರೆ? ಸ್ಟಾಪ್ ಮುಟ್ಟಿದ ಮೇಲೆ ಅದು ಸಿಕ್ಕ ಬೆಲೆಗೆ ಮಾರುವ ಮಾರ್ಕೆಟ್ ಆರ್ಡರ್, ಕೈಗೆ ಬರೋದು 115ರ ಸುತ್ತಮುತ್ತ. ಲಿಮಿಟ್ ಸೇರಿಸಿ 122ಕ್ಕಿಂತ ಕಡಿಮೆಗೆ ಬೇಡ ಅಂದರೆ ಮಾರಾಟವೇ ಆಗದೆ, ಬೀಳುತ್ತಿರುವ ಶೇರು ಕೈಯಲ್ಲೇ ಉಳಿಯಬಹುದು. ನನಗೆ ಎರಡನೆಯದೇ ಜಾಸ್ತಿ ಅಪಾಯ ಅನ್ನಿಸುತ್ತೆ.

ಸದಸ್ಯೆ 2: ನಾನು 2 ಪಾಯಿಂಟ್ ಇಟ್ಟಿದ್ದೆ. ಅದೇ ದಿನ ಸ್ಟಾಪ್ ಹೊಡೆಯಿತು, ವಾರದಲ್ಲಿ ಬೆಲೆ ಮತ್ತೆ ಮೇಲೆ! ನಮ್ಮ ಸ್ಟಾಪ್ ನೋಡಿಕೊಂಡೇ ಯಾರೋ ಇಳಿಸುತ್ತಾರೆ.

ಟ್ರೇಡರ್: ಮೇಡಂ, ಮೊದಲು ಆ ಶೇರು ದಿನಕ್ಕೆ ಎಷ್ಟು ಓಲಾಡುತ್ತೆ ನೋಡಿ. ಚಾರ್ಟ್‌ನಲ್ಲಿ 14 ದಿನದ ಎಟಿಆರ್, ಅಂದರೆ ದಿನದ ಸರಾಸರಿ ಏರಿಳಿತ ಹಾಕಿ. ಅದು 3 ತೋರಿಸಿದರೆ ನಿಮ್ಮ 2 ಪಾಯಿಂಟ್ ಒಂದು ಮಾಮೂಲಿ ದಿನದ ಅಲುಗಾಟದೊಳಗೇ ಇದೆ. ಯಾರೂ ಬೇಕಂತ ಇಳಿಸಬೇಕಿಲ್ಲ. ಕೆಲವು ದಿನ ಇಟ್ಟುಕೊಳ್ಳುವ ಟ್ರೇಡ್‌ಗೆ ನಾನು ಎಟಿಆರ್‌ನ ಎರಡೂವರೆಯಿಂದ ಮೂರು ಪಟ್ಟು ಇಡುತ್ತೇನೆ. ಮೇಲೆ ಹೇಳಿದ 8 ಹೀಗೇ ಬಂದದ್ದು, ಎಟಿಆರ್ 3 ಅಂದುಕೊಂಡು. ನಿಮ್ಮ ಶೇರಿನದು 5 ಇದ್ದರೆ 8 ಸಾಲದು.

ಸದಸ್ಯ 3: ನಾನು ಒಪ್ಪಲ್ಲ ಸರ್. ಲೆಕ್ಕದ ಅಂತರಕ್ಕಿಂತ, ಪ್ರತಿ ಸಲ ಬೆಲೆ ಇಳಿದು ತಿರುಗಿದ ಜಾಗದ ಸ್ವಲ್ಪ ಕೆಳಗೆ ಸ್ಟಾಪನ್ನು ಕೈಯಾರೆ ಸರಿಸೋದೇ ವಾಸಿ.

ಟ್ರೇಡರ್: ದಿನಾ ಚಾರ್ಟ್ ನೋಡುವವರಿಗೆ ಅದೂ ಚೆನ್ನಾಗಿ ನಡೆಯುತ್ತೆ. ಬೆಲೆ ಹತ್ತಿರ ಬಂದಾಗ ‘ಇದೊಂದು ಸಲ’ ಅಂತ ಸ್ಟಾಪ್ ಕೆಳಗಿಳಿಸುವ ಕೈ ಇದ್ದರೆ ಮಾತ್ರ ತಾನಾಗಿ ಸರಿಯುವುದೇ ಇರಲಿ.

ಪ್ರಶ್ನೆ ಕೇಳಿದವರು: ಎಟಿಆರ್ ನೋಡಿದೆ ಸರ್, 4.2 ಇದೆ. ಎರಡೂವರೆ ಪಟ್ಟು ಅಂದ್ರೆ 10.5, ಸ್ಟಾಪ್ 101.5. ಲಾಭ ಒಂದೂವರೆ ಪಾಯಿಂಟೇ ಉಳಿಯೋದು?

ಟ್ರೇಡರ್: ಸದ್ಯಕ್ಕೆ ಅಷ್ಟೇ. ಅದು ಕಮ್ಮಿ ಅನ್ನಿಸಿದರೆ ಅರ್ಧ ಶೇರು ಈಗಲೇ 112ಕ್ಕೆ ಮಾರಿ, ಉಳಿದರ್ಧಕ್ಕೆ 10.5 ಇಡಿ. ಅಂತರ ಮಾತ್ರ ಬಿಗಿ ಮಾಡಬೇಡಿ.