ಅಪ್‌ಡೇಟ್: ಗುಲಾಬಿ ಎಲೆಗೆ ಬಂದದ್ದು ತುಕ್ಕಲ್ಲ, ಕಪ್ಪು ಚುಕ್ಕೆ

ನಾನು ಕೇಳಿದ್ದು: “ಚಿಕ್ಕಮಗಳೂರಿನ ಮಳೆಗೆ ಗುಲಾಬಿ ಎಲೆಗಳು ಚುಕ್ಕೆಯಾಗಿ, ಹಳದಿಯಾಗಿ ಉದುರುತ್ತಿವೆ. ಇದು ಕಪ್ಪು ಚುಕ್ಕೆ ರೋಗವೋ, ತುಕ್ಕು ರೋಗವೋ?”

ಉತ್ತರಿಸಿದವರ ಮಾತಿನಂತೆ ಎಲೆಯನ್ನು ತಿರುಗಿಸಿ, ಅಡಿಭಾಗವನ್ನು ಬಿಳಿ ಬಟ್ಟೆಯಿಂದ ಒರೆಸಿದೆ. ತುಕ್ಕಾಗಿದ್ದರೆ ಅಡಿಯಲ್ಲಿ ಉಬ್ಬಿದ ಕಿತ್ತಳೆ ಗುಳ್ಳೆಗಳಿದ್ದು, ಪುಡಿ ಬಟ್ಟೆಗೆ ಅಂಟಬೇಕಿತ್ತು. ಏನೂ ಅಂಟಲಿಲ್ಲ. ಕಲೆಗಳೆಲ್ಲ ಮೇಲ್ಭಾಗದಲ್ಲೇ ಇವೆ. ಅಂಚು ಶಾಯಿ ಹೀರಿದ ಕಾಗದದಂತೆ ಹರಡಿಕೊಂಡಿದೆ, ಸುತ್ತ ಹಳದಿ. ಬಣ್ಣವೊಂದನ್ನೇ ನಂಬುವಂತಿಲ್ಲ: ತುಕ್ಕಿನ ಗುಳ್ಳೆಗಳೂ ಹಳತಾದಾಗ ಕಪ್ಪಾಗುತ್ತವೆ, ಆದರೆ ಆಗಲೂ ಅವು ಎಲೆಯಡಿಯಲ್ಲಿ ಉಬ್ಬಿಕೊಂಡೇ ಇರುತ್ತವೆ.

ಎಲೆ ಸುಮಾರು ಏಳು ಗಂಟೆ ಒದ್ದೆಯಾಗಿದ್ದರೆ ಕಪ್ಪು ಚುಕ್ಕೆ ತರುವ ಶಿಲೀಂಧ್ರ ಒಳಹೊಕ್ಕುಬಿಡುತ್ತದೆ. ನಮ್ಮೂರಿನ ಮಳೆಗಾಲದಲ್ಲಿ ಅದೇನು ದೊಡ್ಡ ಮಾತಲ್ಲ! ಹಾಗಾಗಿ ಔಷಧಿಗಿಂತ ಮೊದಲು ಕತ್ತರಿ ಹಿಡಿದೆ. ಕಲೆಯಾದ ಎಲೆಗಳನ್ನೂ ನೆಲಕ್ಕೆ ಬಿದ್ದವನ್ನೂ ಆರಿಸಿ ಕಸಕ್ಕೆ ಹಾಕಿದೆ, ಗೊಬ್ಬರದ ಗುಂಡಿಗಲ್ಲ. ನೇರಳೆ ಮಚ್ಚೆಯಿದ್ದ ರೆಂಬೆಗಳನ್ನು ಕತ್ತರಿಸಿದೆ, ಏಕೆಂದರೆ ರೋಗ ಅಲ್ಲಿಯೂ ಉಳಿಯುತ್ತದೆ. ಗಿಡದ ನಡುವೆ ಗಾಳಿಯಾಡುವಂತೆ ತೆರವು ಮಾಡಿದೆ.

ನಂತರ ಮಳೆ ಬಿಡುವು ಕೊಟ್ಟಾಗ ಲೀಟರ್ ನೀರಿಗೆ ಎರಡು ಗ್ರಾಂ ಮ್ಯಾಂಕೋಜೆಬ್ ಎಂಬ ಶಿಲೀಂಧ್ರನಾಶಕ ಬೆರೆಸಿ, ಕೈಗವಸು ಮತ್ತು ಮುಖಗವಸು ಧರಿಸಿ, ಎಲೆಯ ಎರಡೂ ಬದಿಗೆ ಸಿಂಪಡಿಸಿದೆ. ಇದು ಹೊಸ ಸೋಂಕನ್ನು ತಡೆಯುತ್ತದೆಯೇ ಹೊರತು ಹಳೆಯ ಕಲೆಯನ್ನು ಅಳಿಸುವುದಿಲ್ಲ. ಆದ್ದರಿಂದ ಚಿಗುರನ್ನಷ್ಟೇ ನೋಡುತ್ತಿದ್ದೇನೆ. ಸದ್ಯಕ್ಕೆ ಅದು ಶುಭ್ರವಾಗಿದೆ. ಜೋರು ಮಳೆ ಔಷಧಿಯನ್ನು ತೊಳೆದರೆ, ಪೊಟ್ಟಣದಲ್ಲಿ ಹೇಳಿರುವ ಅಂತರ ನೋಡಿಕೊಂಡು ಮತ್ತೆ ಸಿಂಪಡಿಸುತ್ತೇನೆ.