ಸ್ಟ್ರೋಕ್ ಆದವರಿಗೆ ನುಂಗೋದು ಕಷ್ಟವಾದರೆ ಕೇರ್ ಪ್ಲಾನ್‌ನಲ್ಲಿ ಏನು ಬರೆಯಬೇಕು?

ನರ್ಸಿಂಗ್ ವಿದ್ಯಾರ್ಥಿನಿ, ಮಡಿಕೇರಿ: 68 ವರ್ಷದ ಅಜ್ಜ, ಸ್ಟ್ರೋಕ್ ಆಗಿ ನಾಲ್ಕನೇ ದಿನ. ಬಲಗಡೆ ಕೈಕಾಲು ಬಿದ್ದಿದೆ, ಬಾಯಿ ವಾಲಿದೆ. ಎಚ್ಚರ ಚೆನ್ನಾಗಿದೆ. ಚಮಚದಲ್ಲಿ ನೀರು ಕೊಟ್ಟರೆ ಮೂರನೆಯದಕ್ಕೆ ಕೆಮ್ಮಿದರು, ಆಮೇಲೆ ಧ್ವನಿ ಗೊರಗೊರ ಅಂತಿತ್ತು. ಡಯಾಗ್ನೋಸಿಸ್ ‘ಆಸ್ಪಿರೇಷನ್ ರಿಸ್ಕ್, ಕೆಮ್ಮಿನಿಂದ ಗೊತ್ತಾಗುತ್ತದೆ’ ಅಂತ ಬರೆದೆ. ಗೋಲ್ ‘ರೋಗಿ ಚೆನ್ನಾಗಿ ನುಂಗುತ್ತಾರೆ’. ಮೇಡಂ ಎರಡಕ್ಕೂ ಕೆಂಪು ಗೆರೆ ಎಳೆದರು. ಯಾಕೆ?

ಸ್ಟಾಫ್ ನರ್ಸ್, ವಿರಾಜಪೇಟೆ: ಗಂಟಲ ಹಿಂದೆ ಮುಟ್ಟಿ ಓಕರಿಕೆ ಬರುತ್ತಾ ನೋಡಿ. ಬಂದರೆ ಭಯ ಇಲ್ಲ. ನೆಟ್ಟಗೆ ಕೂರಿಸಿ ತೆಳ್ಳಗೆ ಗಂಜಿ ಕುಡಿಸಿ, ಸಾಕು.

ಹಿರಿಯ ಸಿಸ್ಟರ್, ನ್ಯೂರೋ ವಾರ್ಡ್: ಕೂರಿಸೋದು ಸರಿ, ಉಳಿದದ್ದು ಬೇಡ. ಓಕರಿಕೆ ಬರುವವರಿಗೂ ಆಹಾರ ಶ್ವಾಸನಾಳಕ್ಕೆ ಹೋಗಬಹುದು, ಆಸ್ಪಿರೇಷನ್ ಅನ್ನೋದು ಇದನ್ನೇ. ಕೆಲವರಿಗೆ ಕೆಮ್ಮೇ ಬರದೆ ಒಳಗೆ ಇಳಿಯುತ್ತದೆ. ಅದಕ್ಕೇ ಬರೀ ಕೆಮ್ಮನ್ನು ನಂಬಬಾರದು. ನುಂಗಿದ ಮೇಲೆ ‘ಆ’ ಅನ್ನಿಸಿ. ಧ್ವನಿ ಒದ್ದೆಯಾಗಿ ಕೇಳುತ್ತಾ, ಉಸಿರು ಏರುತ್ತಾ, ಆಕ್ಸಿಜನ್ ಮಟ್ಟ ಇಳಿಯುತ್ತಾ ನೋಡಿ.

ಈಗ ಕೆಂಪು ಗೆರೆ ವಿಷಯ ನೋಡಮ್ಮ. ರಿಸ್ಕ್ ಅಂದರೆ ಇನ್ನೂ ಆಗಿಲ್ಲದ್ದು. ಅದಕ್ಕೆ ಕಾರಣಗಳನ್ನು ಮಾತ್ರ ಬರೆಯೋದು, ಲಕ್ಷಣ ಸೇರಿಸೋದಿಲ್ಲ. ಕೆಮ್ಮು, ಗೊರಗೊರ ಧ್ವನಿ ಇದ್ದರೆ ನುಂಗುವ ತೊಂದರೆ ಈಗಾಗಲೇ ಇದೆ ಅಂತಲೇ ಅರ್ಥ. ಆದ್ದರಿಂದ ಎರಡು ಡಯಾಗ್ನೋಸಿಸ್ ಮಾಡಿ. ಒಂದು, ‘ನುಂಗುವಿಕೆಯಲ್ಲಿ ತೊಂದರೆ: ಸ್ಟ್ರೋಕಿನಿಂದ ಮುಖ, ಗಂಟಲ ಸ್ನಾಯು ಸೋತಿರುವುದರಿಂದ, ನೀರಿಗೆ ಕೆಮ್ಮು, ಒದ್ದೆ ಧ್ವನಿ ಕಂಡಿದೆ’. ಇನ್ನೊಂದು, ‘ಆಸ್ಪಿರೇಷನ್ ರಿಸ್ಕ್: ನುಂಗುವ ತೊಂದರೆ ಇರುವುದರಿಂದ’.

ಗೋಲ್ ಅಳೆಯೋ ಹಾಗಿರಬೇಕು. ‘ಚೆನ್ನಾಗಿ’ ಅನ್ನೋದನ್ನು ಯಾರು ಅಳೀತಾರೆ? ‘ಮುಂದಿನ 72 ಗಂಟೆ ಜ್ವರ ಇರುವುದಿಲ್ಲ, ಎದೆಯಲ್ಲಿ ಹೊಸ ಶಬ್ದ ಇರುವುದಿಲ್ಲ, ಉಸಿರಾಟ ನಿಮಿಷಕ್ಕೆ 12ರಿಂದ 20’ ಅಂತ ಬರೆಯಿರಿ. ಬಾಯಿಂದ ಊಟ ಶುರುವಾದ ಮೇಲೆ ‘ಕೆನ್ನೆಯಲ್ಲಿ ಅನ್ನ ಉಳಿಯದೆ ಊಟ ಮುಗಿಸುತ್ತಾರೆ’ ಅಂತ ಸೇರಿಸಿ.

ವಿದ್ಯಾರ್ಥಿನಿ: ಅಂದರೆ ಈಗ ಊಟ ಕೊಡಬಾರದಾ ಸಿಸ್ಟರ್? ಮನೆಯವರು ಕಾಫಿ ಫ್ಲಾಸ್ಕ್ ಹಿಡಿದು ನಿಂತಿದ್ದಾರೆ.

ಹಿರಿಯ ಸಿಸ್ಟರ್: ಕೊಡಬೇಡಿ. ನೀರಿನಲ್ಲೇ ಫೇಲ್ ಆಗಿದ್ದಾರಲ್ಲ. ಡಾಕ್ಟರಿಗೆ ಹೇಳಿ, ಸ್ಪೀಚ್ ಥೆರಪಿಸ್ಟ್ ನೋಡುವವರೆಗೆ ಬಾಯಿಗೆ ಏನೂ ಇಲ್ಲ. ಮಾತ್ರೆಯೂ ಇಲ್ಲ. ಅದನ್ನು ಬೇರೆ ದಾರಿಯಲ್ಲಿ ಕೊಡುವ ಬಗ್ಗೆ ಕೇಳಿ. ಬಾಯಿ ಸ್ವಚ್ಛ ಮಾಡೋದು ಮಾತ್ರ ಬಿಡಬೇಡಿ. ಉಣ್ಣದ ಬಾಯಲ್ಲೇ ಕೀಟಾಣು ಜಾಸ್ತಿ. ಆ ಜೊಲ್ಲು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಬರಬಹುದು.

ಥೆರಪಿಸ್ಟ್ ಒಪ್ಪಿದ ಮೇಲೆ: ಪೂರ್ತಿ ನೆಟ್ಟಗೆ ಕೂರಿಸಿ, ಟಿವಿ ಆಫ್ ಮಾಡಿ. ಚಿಕ್ಕ ಚಮಚದಲ್ಲಿ ಅರ್ಧ ತುಂಬಿ ಎಡಗಡೆ ಬಾಯಿಗೆ ಇಡಿ, ಅವರಿಗೆ ಬಲ ಇರೋದು ಆ ಕಡೆ. ಒಂದು ಗುಟುಕು ಇಳಿದ ಮೇಲೆಯೇ ಇನ್ನೊಂದು. ಕೊನೆಗೆ ಬಲ ಕೆನ್ನೆಯ ಒಳಗೆ ಟಾರ್ಚ್ ಹಾಕಿ ನೋಡಿ. ಅರ್ಧ ಗಂಟೆಯಾದರೂ ಮಲಗಿಸಬೇಡಿ. ಗದ್ದ ಎದೆಗೆ ಬಗ್ಗಿಸಿ ನುಂಗೋದು ಎಲ್ಲರಿಗೂ ಆಗಿಬರೋದಿಲ್ಲ. ಥೆರಪಿಸ್ಟ್ ಹೇಳಿದರೆ ಮಾತ್ರ.

ತೆಳ್ಳಗಿನ ಗಂಜಿ ಯಾಕೆ ಬೇಡ ಅಂದರೆ, ಅದರಲ್ಲಿ ನೀರು ಮತ್ತು ಅಗುಳು ಎರಡೂ ಇದೆ. ಅಗುಳು ಬಾಯಲ್ಲಿ ಇರುವಾಗಲೇ ನೀರು ಗಂಟಲಿಗೆ ಓಡುತ್ತದೆ. ಅದನ್ನು ನುಣ್ಣಗೆ ರುಬ್ಬಿ, ಚಮಚ ಓರೆ ಮಾಡಿದರೆ ಮುದ್ದೆಯಾಗಿ ಜಾರುವಷ್ಟು ಗಟ್ಟಿ ಮಾಡಿ. ಕಡಂಬುಟ್ಟು ಸದ್ಯಕ್ಕೆ ದೂರ ಇಡಿ. ಅಗಿದ ಮೇಲೆ ತರಿತರಿಯಾಗಿ ಕೆನ್ನೆಯಲ್ಲಿ ಕೂರುತ್ತದೆ.

ಮಗ, ಸೋಮವಾರಪೇಟೆ: ನಮ್ಮ ತಂದೆಗೆ ಮೂಗಿನ ನಳಿಕೆ ಇದೆ. ಹಾಗಾದರೆ ಅವರಿಗೆ ಈ ತೊಂದರೆ ಇಲ್ಲ ಅಲ್ವಾ? ಮಲಗಿಸಿಯೇ ಹಾಲು ಹಾಕ್ತೀವಿ.

ಹಿರಿಯ ಸಿಸ್ಟರ್: ಅಯ್ಯೋ, ಮಲಗಿಸಿ ಹಾಕಬೇಡಿ ಸಾರ್. ನಳಿಕೆ ಜೊಲ್ಲನ್ನೂ ವಾಂತಿಯನ್ನೂ ತಡೆಯೋದಿಲ್ಲ. ತಲೆ ಕಡೆ ಕನಿಷ್ಠ 30 ಡಿಗ್ರಿ ಎತ್ತಿ, ಹಾಕಿದ ಮೇಲೂ ಅರ್ಧ ಗಂಟೆಯಿಂದ ಒಂದು ಗಂಟೆ ಹಾಗೇ ಬಿಡಿ. ಪ್ರತಿ ಸಲ ಮೂಗಿನ ಹತ್ತಿರದ ಗುರುತು ಜಾರಿದೆಯಾ ನೋಡಿ. ಜಾರಿದ್ದರೆ ಏನೂ ಹಾಕದೆ ನರ್ಸಿಗೆ ತೋರಿಸಿ.

ಸ್ಟಾಫ್ ನರ್ಸ್: ಓಕರಿಕೆ ವಿಷಯ ಒಪ್ಪಿದೆ. ಆದರೆ ನೀರಿಗೆ ಅದನ್ನು ಗಟ್ಟಿ ಮಾಡುವ ಪುಡಿ ಬೆರೆಸಿದರೆ ನಮ್ಮ ರೋಗಿಗಳು ಮೂರು ಚಮಚಕ್ಕೇ ಬಾಯಿ ಮುಚ್ಚುತ್ತಾರೆ. ಮೂತ್ರ ಕಡುಹಳದಿ ಆಗುತ್ತದೆ.

ಹಿರಿಯ ಸಿಸ್ಟರ್: ನಿಜ. ಆ ಪುಡಿಯಿಂದ ಕೆಮ್ಮು ಕಡಿಮೆಯಾದರೂ ನ್ಯುಮೋನಿಯಾ ಕಡಿಮೆಯಾಗುತ್ತಾ ಅನ್ನೋದರಲ್ಲಿ ತಜ್ಞರಿಗೇ ಒಮ್ಮತವಿಲ್ಲ. ನಾನಂತೂ ಪುಡಿ ಶುರುವಾದ ದಿನವೇ ಕುಡಿದದ್ದು, ಮೂತ್ರ ಹೋದದ್ದು ಎರಡನ್ನೂ ಚಾರ್ಟಿಗೆ ಹಾಕ್ತೀನಿ. ವಿದ್ಯಾರ್ಥಿನಿ, ನೀರಿನ ಕೊರತೆಯ ರಿಸ್ಕ್ ಅನ್ನು ಮೂರನೇ ಡಯಾಗ್ನೋಸಿಸ್ ಆಗಿ ಸೇರಿಸಿ.

ವಿದ್ಯಾರ್ಥಿನಿ: ಅದಕ್ಕೆ ಎಷ್ಟು ಮಿ.ಲೀ. ಗೋಲ್ ಹಾಕಲಿ?

ಹಿರಿಯ ಸಿಸ್ಟರ್: ನೀವೇ ಅಂದಾಜಿಗೆ ಬರೆಯಬೇಡಿ. ಹೃದಯ, ಕಿಡ್ನಿ ನೋಡಿ ಡಾಕ್ಟರ್ ಹೇಳಿದ ಲೆಕ್ಕವನ್ನೇ ಹಾಕಿ.